ಖಾತೆ ಮೂರು, ಕಾರ್ಡ್ ಒಂದೇ

ಆನ್‌ಲೈನ್ ಸೇವೆಯೊಂದು 14 ದಿನ ಉಚಿತ ಬಳಕೆಗೆ ಅವಕಾಶ ಕೊಟ್ಟಿದೆ ಎಂದುಕೊಳ್ಳಿ. ಅವಧಿ ಮುಗಿದ ಮರುದಿನವೇ ಅದೇ ವ್ಯಕ್ತಿ ಹೊಸ ಹೆಸರಿನಲ್ಲಿ ಮತ್ತೆ ಸೇರಿಕೊಂಡರೆ ಪತ್ತೆ ಹಚ್ಚುವುದು ಹೇಗೆ?

ಮೊದಲು ನೋಡಬೇಕಾದ್ದು ಇಮೇಲ್. ravik@gmail.com, ra.vi.k@gmail.com, ravik+2@gmail.com ನೋಡಲು ಮೂರು ವಿಳಾಸ. ಮೇಲ್ ಬಂದು ಬೀಳುವುದು ಒಂದೇ ಇನ್‌ಬಾಕ್ಸಿಗೆ. ಹೆಸರಿನ ನಡುವಿನ ಚುಕ್ಕಿಗಳನ್ನಾಗಲಿ, ಪ್ಲಸ್ ಚಿಹ್ನೆಯ ನಂತರದ್ದನ್ನಾಗಲಿ ಜಿಮೇಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನ್ನು ತೆಗೆದುಹಾಕಿಯೇ ಹೋಲಿಸಬೇಕು. ಬೇರೆ ಕಂಪನಿಗಳ ಮೇಲ್‌ಗೆ ಈ ನಿಯಮ ಹಚ್ಚುವಂತಿಲ್ಲ. ಅಲ್ಲಿ ಒಂದು ಚುಕ್ಕಿಯ ವ್ಯತ್ಯಾಸವಿದ್ದರೂ ಇಬ್ಬರು ಬೇರೆ ಬೇರೆ ಜನ ಇರಬಹುದು.

ಇಮೇಲ್ ಎಷ್ಟು ಬೇಕಾದರೂ ಸಿಗುತ್ತದೆ, ಕಾರ್ಡ್ ಹಾಗಲ್ಲ. ಕೆಲವು ಪಾವತಿ ಸಂಸ್ಥೆಗಳು ಕಾರ್ಡ್ ಸಂಖ್ಯೆಯ ಬದಲು ಅದರಿಂದ ಹುಟ್ಟಿದ ಗುರುತನ್ನಷ್ಟೇ ಕೊಡುತ್ತವೆ. ಅದೇ ಗುರುತು ಮೂರು ಖಾತೆಗಳಲ್ಲಿ ಕಂಡರೆ ಅದು ಬಲವಾದ ಸುಳಿವು.

ಸಾಧನದ ಗುರುತು ಅಷ್ಟು ಗಟ್ಟಿಯಲ್ಲ. ಕಾಲೇಜು ಲ್ಯಾಬಿನ ಒಂದೇ ಕಂಪ್ಯೂಟರಿನಿಂದ ಹತ್ತು ವಿದ್ಯಾರ್ಥಿಗಳು ಪ್ರಾಮಾಣಿಕವಾಗಿಯೇ ಸೇರಬಹುದು. ಮನೆಯ ಕಾರ್ಡನ್ನು ಗಂಡ ಹೆಂಡತಿ ಇಬ್ಬರೂ ಬಳಸಬಹುದು. ಆದ್ದರಿಂದ ಒಂದೇ ಸುಳಿವು ನಂಬಿ ಖಾತೆ ಮುಚ್ಚಬಾರದು. ಎರಡು ಸುಳಿವು ತಾಳೆಯಾಗಿ, ಹಳೆಯ ಅವಧಿ ಮುಗಿದ ಬೆನ್ನಿಗೇ ಹೊಸ ಖಾತೆ ಹುಟ್ಟಿದ್ದರೆ ಉಚಿತ ಬಳಕೆಯನ್ನಷ್ಟೇ ನಿಲ್ಲಿಸಿ, ಹಣ ಕಟ್ಟಿ ಮುಂದುವರಿಯಲು ಬಿಡಬೇಕು.