ಚಕ್ರದ ಮೊಳೆ ನಡೆದ ದಾರಿ

ಗಾಡಿಯ ಚಕ್ರದ ಅಂಚಿನಲ್ಲಿ ಒಂದು ಮೊಳೆಯಿರುವುದೆಂದು ಭಾವಿಸೋಣ. ಚಕ್ರವು ಜಾರದೆ ಸಮನೆಲದ ಮೇಲೆ ಉರುಳಿದರೆ ಆ ಮೊಳೆಯು ನೆಲದಿಂದೆದ್ದು, ಕಮಾನಿನಂತೆ ಬಾಗಿ, ಒಂದು ಸುತ್ತು ಮುಗಿಯುವಾಗ ಮರಳಿ ನೆಲವನ್ನು ಮುಟ್ಟುವುದು. ಈ ರೇಖೆಗೆ ಚಕ್ರಜವೆಂದು ಹೆಸರು. ಕಮಾನಿನ ಕೆಳಗಣ ಕ್ಷೇತ್ರಫಲವೆಷ್ಟು? ಕಮಾನಿನ ಉದ್ದವೆಷ್ಟು?

ಗೆಲಿಲಿಯೋ ತಗಡಿನಲ್ಲಿ ಕಮಾನನ್ನೂ ವೃತ್ತವನ್ನೂ ಕತ್ತರಿಸಿ ತೂಗಿ ನೋಡಿದನು. ಕಮಾನು ವೃತ್ತದ ಸುಮಾರು ಮೂರರಷ್ಟು ತೂಗಿತು. ಆದರೆ ಸರಿಯಾಗಿ ಮೂರೇ ಹೌದೋ ಅಲ್ಲವೋ ಎಂಬುದನ್ನು ತಕ್ಕಡಿ ಹೇಳಲಾರದು.

ಮೊಳೆ ಮುಂದೆ ಸರಿದ ದೂರ x, ನೆಲದಿಂದ ಅದರ ಎತ್ತರ y ಎಂದಿರಲಿ. x ತಿಳಿದರೆ y ಎಷ್ಟೆಂದು ನೇರವಾಗಿ ಹೇಳುವ ಸರಳ ಸೂತ್ರವಿಲ್ಲ. ಆದುದರಿಂದ ಚಕ್ರವು ತಿರುಗಿದ ಕೋನವಾದ θ ವನ್ನು ಮಧ್ಯಸ್ಥನನ್ನಾಗಿ ಇಟ್ಟುಕೊಳ್ಳುವೆವು. ತ್ರಿಜ್ಯವು r ಆದರೆ, ಜಾರದೆ ಉರುಳಿದ ಚಕ್ರದ ನಡುವು rθ ದೂರ ಸಾಗಿರುವುದು. ಮೊಳೆಯು ಆ ನಡುವಿಗಿಂತ r sin θ ಹಿಂದೆ, r cos θ ಕೆಳಗೆ ಇರುವುದು. ಅಂದರೆ,

x = r(θ − sin θ), y = r(1 − cos θ)

ಕ್ಷೇತ್ರವನ್ನು ಸಣ್ಣ ನಿಲುವು ಪಟ್ಟಿಗಳಾಗಿ ಸೀಳೋಣ. ಪಟ್ಟಿಯ ಎತ್ತರ y, ಅಗಲ dx. ಅಗಲವು dθ ಅಲ್ಲ, r(1 − cos θ) dθ. ಇದನ್ನು ಮರೆತವನಿಗೆ 2πr ಎಂಬ ಉತ್ತರ ಬರುವುದು. ಅದು ಉದ್ದವೇ ಹೊರತು ಕ್ಷೇತ್ರವಲ್ಲವಾದುದರಿಂದ ತಪ್ಪು ಒಡನೆಯೇ ತಿಳಿಯುವುದು. ಸರಿಯಾದ ಮೊತ್ತವಿದು:

r²∫(1 − cos θ)² dθ, 0 ಯಿಂದ 2π ವರೆಗೆ

ವರ್ಗವನ್ನು ಬಿಡಿಸಿದರೆ 1 ರಿಂದ 2π, cos²θ ದಿಂದ π ದೊರೆಯುವುವು; −2 cos θ ದ ಮೊತ್ತ ಸೊನ್ನೆ. ಆದುದರಿಂದ ಕ್ಷೇತ್ರಫಲ 3πr², ವೃತ್ತದ ಸರಿಯಾಗಿ ಮೂರರಷ್ಟು. ಇದನ್ನು ಸುಮಾರು 1634 ರಲ್ಲಿ ರೋಬರ್ವಾಲನು ಬೇರೊಂದು ದಾರಿಯಿಂದ ಸಾಧಿಸಿದನು.

ಇನ್ನು ಉದ್ದ. ಮೊಳೆಯ ಸಣ್ಣ ಹೆಜ್ಜೆಯೊಂದು dx, dy ಭುಜಗಳುಳ್ಳ ಲಂಬಕೋನ ತ್ರಿಭುಜದ ಕರ್ಣ. ವರ್ಗಗಳನ್ನು ಕೂಡಿದರೆ 2r²(1 − cos θ) dθ², ಅಂದರೆ 4r² sin²(θ/2) dθ². ಇದರ ಮೂಲ 2r sin(θ/2) dθ; ಒಂದು ಸುತ್ತಿನ ಮೊತ್ತ 8r. ಇದನ್ನು 1658 ರಲ್ಲಿ ಕ್ರಿಸ್ಟೊಫರ್ ರೆನ್ ಕಂಡನು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಎರಡನೆಯ ಸುತ್ತಿನಲ್ಲಿ sin(θ/2) ಋಣವಾಗುವುದು. ಅದನ್ನು ಹಾಗೆಯೇ ಕೂಡಿದರೆ ಎರಡು ಕಮಾನುಗಳ ಉದ್ದ ಸೊನ್ನೆಯೆಂದು ಬರುವುದು! ಹೆಜ್ಜೆಯ ಉದ್ದವನ್ನು ಯಾವಾಗಲೂ ಧನವಾಗಿಯೇ ತೆಗೆದುಕೊಳ್ಳಬೇಕು.

ಎರಡು ಅಡಿ ತ್ರಿಜ್ಯದ ಚಕ್ರವನ್ನು ತೆಗೆದುಕೊಳ್ಳಿ. ಗಾಡಿಯು ಒಂದು ಸುತ್ತಿಗೆ ಸುಮಾರು 12.57 ಅಡಿ ಸಾಗಿದರೆ ಮೊಳೆಯು ಸರಿಯಾಗಿ 16 ಅಡಿ ನಡೆಯುವುದು. ಅದರ ಕಮಾನಿನಡಿಯ ನೆಲೆ ಸುಮಾರು 37.7 ಚದರಡಿ. ಉತ್ತರವನ್ನು ಒರೆಗೆ ಹಚ್ಚಲು, ನೆಲದಿಂದ ಕಮಾನಿನ ತುದಿಗೆ, ಅಲ್ಲಿಂದ ಮತ್ತೆ ನೆಲಕ್ಕೆ ನೇರವಾಗಿ ಹಗ್ಗವೆಳೆಯಿರಿ: ಸುಮಾರು 14.9 ಅಡಿಯಾಗುವುದು. ಬಾಗಿದ ದಾರಿಯು ಅದಕ್ಕಿಂತ ಸ್ವಲ್ಪ ಹೆಚ್ಚಿರಲೇಬೇಕು. 16 ಅಡಿ ಅದಕ್ಕೆ ಒಪ್ಪುವುದು. ವೃತ್ತದ ಪರಿಧಿಯನ್ನು π ಇಲ್ಲದೆ ಹೇಳಲಾಗದು. ಆದರೆ ಅದೇ ವೃತ್ತವು ಉರುಳಿ ಬರೆದ ಕಮಾನಿನ ಉದ್ದದಲ್ಲಿ π ಯ ಸುಳಿವೇ ಇಲ್ಲ.