ಬೆಂಕಿ ಬಿದ್ದಾಗ ಒಳಗೆ ಯಾರ್‍ಯಾರಿದ್ದರು?

ಕಾರ್ಖಾನೆಗೆ ಬೆಂಕಿ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಗೇಟಿನ ಮುಂದೆ ನಾಲ್ಕು ಬಗೆಯ ಜನ ಸೇರುತ್ತಾರೆ: ಒಳಗಿನಿಂದ ಓಡಿಬಂದ ಕೆಲಸಗಾರರು, ಸುದ್ದಿ ಕೇಳಿ ಬಂದ ಮನೆಯವರು, ಕ್ಯಾಮೆರಾ ಹಿಡಿದ ವರದಿಗಾರರು, ಸರ್ಕಾರಿ ಅಧಿಕಾರಿಗಳು. ಧಾಟಿ ಬೇರೆ ಬೇರೆಯಾದರೂ ಅವರೆಲ್ಲ ಮೊದಲು ಕೇಳುವುದು ಒಂದನ್ನೇ. ಒಳಗೆ ಯಾರ್‍ಯಾರಿದ್ದರು, ಅವರು ಈಗ ಎಲ್ಲಿದ್ದಾರೆ?

ಇದಕ್ಕೆ ಉತ್ತರ ಕೊಡಲಾಗದ ಕಂಪನಿ ಬೇರೆ ಏನು ಹೇಳಿದರೂ ಯಾರೂ ನಂಬುವುದಿಲ್ಲ. ಆದರೂ ಬಿಕ್ಕಟ್ಟಿನ ಹೊತ್ತಿನ ಸಂವಹನ ಯೋಜನೆ ಎಂದರೆ ಪತ್ರಿಕಾ ಹೇಳಿಕೆಯ ಮಾದರಿ, ಅದಕ್ಕೆ ಒಪ್ಪಿಗೆ ಕೊಡುವ ದೊಡ್ಡವರ ಫೋನ್ ನಂಬರ್ ಎಂಬ ಭಾವನೆ ಇನ್ನೂ ಹೋಗಿಲ್ಲ. ನನ್ನ ಪ್ರಕಾರ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದದ್ದು ಹೆಸರಿನ ಪಟ್ಟಿ.

2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನ ಸಿಗಾಚಿ ಇಂಡಸ್ಟ್ರೀಸ್ ಘಟಕದಲ್ಲಿ ನಡೆದದ್ದು ನಮ್ಮ ಕಣ್ಣ ಮುಂದಿದೆ. ಔಷಧ ಉದ್ಯಮಕ್ಕೆ ಬೇಕಾದ ಸೆಲ್ಯುಲೋಸ್ ಪುಡಿ ತಯಾರಿಸುವ ಆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಹೊತ್ತಿಗೆ ಸ್ಫೋಟವಾಗಿ ಬೆಂಕಿ ಹತ್ತಿತು. ಸತ್ತವರಲ್ಲಿ ಹಲವರು ಬಿಹಾರ, ಒಡಿಶಾ, ಉತ್ತರ ಪ್ರದೇಶದ ಕಡೆಯಿಂದ ಬಂದವರು. ಎರಡು ದಿನಗಳ ನಂತರ ಕಂಪನಿ 40 ಮಂದಿ ಸತ್ತಿದ್ದಾರೆಂದು ಷೇರುಪೇಟೆಗೆ ತಿಳಿಸಿತು. ಕೊನೆಗೆ ಲೆಕ್ಕ 54ಕ್ಕೆ ನಿಂತಿತು. ಆ ಹೊತ್ತಿಗೆ ಒಳಗೆ ಇದ್ದವರೆಷ್ಟು ಎಂಬುದಕ್ಕೂ ಮೊದಲ ದಿನಗಳ ವರದಿಗಳಲ್ಲಿ ಬೇರೆ ಬೇರೆ ಸಂಖ್ಯೆಗಳು ಬಂದವು. ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಎಂಟು ಮಂದಿಯ ಅವಶೇಷವೇ ಸಿಗಲಿಲ್ಲ. ಅಂಥ ಕಡೆ ಒಬ್ಬ ಮನುಷ್ಯ ಅಲ್ಲಿದ್ದ ಎಂಬುದಕ್ಕೆ ಉಳಿಯುವ ಆಧಾರ ಗೇಟಿನ ದಾಖಲೆ ಮಾತ್ರ. ಅದು ಸರಿಯಿಲ್ಲದಿದ್ದರೆ ಹೆಂಡತಿ ಮಕ್ಕಳು ತಮ್ಮವನು ಕೆಲಸಕ್ಕೆ ಹೋಗಿದ್ದ ಎಂಬುದನ್ನೂ ರುಜುವಾತು ಮಾಡಬೇಕಾಗುತ್ತದೆ.

ಯೋಜನೆ ಹೇಗಿರಬೇಕೆಂದು ತಿಳಿಯಲು ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಜಿಗಣಿಯಲ್ಲೋ ನಂಜನಗೂಡಿನಲ್ಲೋ ಇರುವ, ಸಾಲ್ವೆಂಟ್ ಬಳಸುವ ಔಷಧ ಘಟಕ ಎನ್ನಿ. ಮಧ್ಯಾಹ್ನ 1.50ಕ್ಕೆ ಎರಡನೇ ಬ್ಲಾಕಿನಲ್ಲಿ ಬೆಂಕಿ ಏಳುತ್ತದೆ. ಎರಡು ಗಂಟೆಗೆ ಪಾಳಿ ಬದಲಾಗುವ ಸಮಯ. ಬೆಳಗಿನ ಪಾಳಿಯ 86 ಮಂದಿ ಒಳಗಿದ್ದಾರೆ. ಅವರಲ್ಲಿ ಕಾಯಂ ನೌಕರರು 31, ಮೂವರು ಗುತ್ತಿಗೆದಾರರ ಕಡೆಯವರು 55. ಮುಂದಿನ ಪಾಳಿಯ 20 ಮಂದಿ ಆಗಲೇ ಪಂಚ್ ಮಾಡಿ ಒಳಗೆ ಹೋಗಿದ್ದಾರೆ. ಜೊತೆಗೆ ಟ್ಯಾಂಕರ್ ಚಾಲಕ, ಕ್ಲೀನರ್, ಎಸಿ ರಿಪೇರಿಗೆ ಬಂದ ಒಬ್ಬ ಮೆಕ್ಯಾನಿಕ್. ಒಟ್ಟು 109.

ಈಗ ಈ 109 ಹೆಸರು ಎಲ್ಲೆಲ್ಲಿವೆ ನೋಡಿ. ಕಾಯಂ ನೌಕರರದು ಪಂಚಿಂಗ್ ಯಂತ್ರದಲ್ಲಿ, ಅದರ ಸರ್ವರ್ ಇರುವುದು ಹೊಗೆ ತುಂಬಿದ ಆಡಳಿತ ಕಟ್ಟಡದಲ್ಲಿ. ಗುತ್ತಿಗೆಯವರದು ಸೂಪರ್‌ವೈಸರನ ಕೈಚೀಲದ ಮಸ್ಟರ್ ಪುಸ್ತಕದಲ್ಲಿ, ಆ ಸೂಪರ್‌ವೈಸರನೂ ಒಳಗೇ ಇದ್ದಾನೆ. ಚಾಲಕನ ಹೆಸರು ಗೇಟಿನ ವಾಹನ ಪುಸ್ತಕದಲ್ಲಿದೆ, ಕ್ಲೀನರನದು ಎಲ್ಲೂ ಇಲ್ಲ. ಹಾಗಾಗಿ ಯೋಜನೆ ಮೊದಲು ಮಾಡಬೇಕಾದದ್ದು ಇಷ್ಟು: ಕಾಯಂ, ಗುತ್ತಿಗೆ, ಹೊರಗಿನವರು ಎಂಬ ಭೇದವಿಲ್ಲದೆ ಒಳಗೆ ಕಾಲಿಡುವ ಪ್ರತಿಯೊಬ್ಬರ ಹೆಸರೂ ಒಂದೇ ಪಟ್ಟಿಗೆ ಬರಬೇಕು, ಹೊರಗೆ ಹೋದಾಗ ಅಲ್ಲಿಂದ ಹೋಗಬೇಕು. ಆ ಪಟ್ಟಿ ಕಾರ್ಖಾನೆಯ ಹೊರಗೂ ಒಂದು ಕಡೆ ಉಳಿಯಬೇಕು. ಪಾಳಿ ಶುರುವಾದ ಅರ್ಧ ಗಂಟೆಗೆ ಗೇಟಿನಲ್ಲಿ ಒಂದು ಮುದ್ರಿತ ಪ್ರತಿ ತೆಗೆದಿಟ್ಟರೂ ಸಾಕು. ಹೆಸರಿನ ಮುಂದೆ ತಂದೆಯ ಅಥವಾ ಗಂಡನ ಹೆಸರು, ಊರು, ಇಲ್ಲಿ ಜೊತೆಗಿರುವವರ ಒಂದು ನಂಬರ್, ಊರಿನ ಮನೆಯ ಒಂದು ನಂಬರ್, ಮನೆಯಲ್ಲಿ ಆಡುವ ಭಾಷೆ. ಒಂದೇ ಹೆಸರಿನವರು ಇಬ್ಬರಿದ್ದಾಗ ತಂದೆಯ ಹೆಸರಿಲ್ಲದ ಪಟ್ಟಿಯಿಂದ ತಪ್ಪು ಮನೆಗೆ ಸಾವಿನ ಸುದ್ದಿ ಹೋಗಬಹುದು.

ಹೊರಗೆ ಸೇರುವ ಜಾಗದಲ್ಲಿ ಹಾಜರಿ ಕೂಗುವವನ ಕೈಯಲ್ಲಿ ಈ ಪಟ್ಟಿ ಇರುತ್ತದೆ. ಪ್ರತಿ ಹೆಸರೂ ನಾಲ್ಕರಲ್ಲಿ ಒಂದು ಮನೆಗೆ ಸೇರಬೇಕು: ಕ್ಷೇಮ, ಆಸ್ಪತ್ರೆಯಲ್ಲಿ, ಇನ್ನೂ ಪತ್ತೆಯಿಲ್ಲ, ಮೃತ. ನಿಯಮ ಬಿಗಿಯಾಗಿರಬೇಕು. ಒಬ್ಬರು ಕಣ್ಣಾರೆ ನೋಡಿದ ಮೇಲೆ, ಅಥವಾ ಫೋನಿನಲ್ಲಿ ಖುದ್ದು ಮಾತಾಡಿದ ಮೇಲೆ ಮಾತ್ರ ‘ಕ್ಷೇಮ’. ನೋಡಿದವರ ಹೆಸರು, ಸಮಯ ಪಕ್ಕದಲ್ಲಿ ಬರೆಯಬೇಕು. ವೈದ್ಯರು, ಪೊಲೀಸರು ಖಚಿತಪಡಿಸುವವರೆಗೆ ‘ಮೃತ’ ಎಂದು ಬರೆಯುವಂತಿಲ್ಲ. ಗೋಡೆ ಹಾರಿ ನೇರ ರೂಮಿಗೆ ಓಡಿಹೋದವರೂ ಇರುತ್ತಾರೆ. ಅವರನ್ನು ಹುಡುಕಲು ಇಬ್ಬರನ್ನು ಕಾರ್ಮಿಕರು ಬಾಡಿಗೆಗಿರುವ ಓಣಿಗಳಿಗೆ ಕಳಿಸಬೇಕು.

ಈ ಬಿಗಿ ಯಾಕೆ ಬೇಕು ಎಂಬುದಕ್ಕೆ ಅಮೆರಿಕದ ಪಶ್ಚಿಮ ವರ್ಜೀನಿಯಾದ ಸಾಗೋ ಕಲ್ಲಿದ್ದಲು ಗಣಿಯ ಕಥೆ ಸಾಕ್ಷಿ. 2006ರ ಜನವರಿ 2ರಂದು ಅಲ್ಲಿ ಸ್ಫೋಟವಾಗಿ 13 ಮಂದಿ ಒಳಗೆ ಸಿಕ್ಕಿಕೊಂಡರು. ಮರುದಿನ ರಾತ್ರಿ, ಉಸಿರಾಟದ ಮುಖವಾಡ ತೊಟ್ಟ ರಕ್ಷಣಾ ತಂಡದ ಮಾತು ಬಾಯಿಂದ ಬಾಯಿಗೆ ದಾಟಿ ಮೇಲೆ ಬರುವಾಗ ಕೆಟ್ಟಿತು. 12 ಮಂದಿ ಬದುಕಿದ್ದಾರೆ ಎಂಬ ಸುದ್ದಿ ಚರ್ಚಿನಲ್ಲಿ ಕಾದಿದ್ದ ಮನೆಯವರಿಗೆ ಮುಟ್ಟಿತು. ಗಂಟೆ ಬಾರಿಸಿ ಹಾಡಿದರು. ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ಬದುಕಿದ್ದವನು ಒಬ್ಬನೇ. ಸುದ್ದಿ ಸುಳ್ಳಿರಬಹುದು ಎಂಬ ಅನುಮಾನ ಕಂಪನಿಗೆ ಬೇಗನೇ ಬಂದಿತ್ತು, ಆದರೆ ಖಚಿತವಾಗಲಿ ಎಂದು ಸುಮ್ಮನಿತ್ತು. ಮನೆಯವರಿಗೆ ನಿಜ ತಿಳಿದದ್ದು ಸುಮಾರು ಮೂರು ಗಂಟೆಗಳ ನಂತರ. ಜನ ಇವತ್ತಿಗೂ ಕ್ಷಮಿಸದಿರುವುದು ಆ ಮೌನವನ್ನು. ನಾವು ಕೊಟ್ಟ ಸುದ್ದಿ ತಪ್ಪಿರಬಹುದು ಎಂದು ಗೊತ್ತಾದ ನಿಮಿಷದಲ್ಲೇ ಹಾಗೆಂದು ಹೇಳುವ ಅಧಿಕಾರ ಸ್ಥಳದಲ್ಲಿರುವ ಒಬ್ಬರಿಗೆ ಇರಲೇಬೇಕು. ಮುಖ್ಯ ಕಚೇರಿಯ ಒಪ್ಪಿಗೆಗೆ ಕಾಯಬಾರದು.

ಮನೆಯವರ ವಿಷಯಕ್ಕೆ ಬರೋಣ. ಸಾಲ್ವೆಂಟ್ ಇರುವ ಘಟಕಗಳಲ್ಲಿ ಮೊಬೈಲನ್ನು ಗೇಟಿನ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಕಿಡಿಯ ಭಯಕ್ಕೆ ಮಾಡಿದ ನಿಯಮ, ಸರಿಯಾದದ್ದೇ. ಆದರೆ ಬೆಂಕಿಯ ದಿನ ಬದುಕಿ ಹೊರಬಂದವನ ಕೈಯಲ್ಲಿ ಫೋನಿಲ್ಲ, ಅತ್ತ ಲಾಕರಿನೊಳಗೆ ಫೋನು ಬಡಿದುಕೊಳ್ಳುತ್ತಿದೆ, ಊರಿನಲ್ಲಿ ತಾಯಿ ಎದೆ ಬಡಿದುಕೊಳ್ಳುತ್ತಿದ್ದಾಳೆ. ಸೇರುವ ಜಾಗದಲ್ಲಿ ನಾಲ್ಕೈದು ಫೋನು ಇಟ್ಟು, ಹಾಜರಿ ಮುಗಿದವರೆಲ್ಲ ಒಂದು ನಿಮಿಷ ಮನೆಗೆ ಮಾತಾಡಲಿ ಎಂದು ಯೋಜನೆಯಲ್ಲೇ ಬರೆದಿಟ್ಟರೆ ಗೇಟಿನ ಮುಂದಿನ ಗದ್ದಲ ಎಷ್ಟೋ ಇಳಿಯುತ್ತದೆ.

ಉಳಿದ ಮನೆಯವರಿಗೆ ಗೇಟಿನಿಂದ ದೂರ, ಕ್ಯಾಮೆರಾ ಬಾರದ ಒಂದು ಜಾಗ ಬೇಕು. ಹತ್ತಿರದ ಕಲ್ಯಾಣ ಮಂಟಪ ಅಥವಾ ಶಾಲೆಯೊಂದಿಗೆ ಮೊದಲೇ ಮಾತಾಡಿ ಇಟ್ಟಿರಬೇಕು. ಪತ್ತೆಯಾಗದ ಪ್ರತಿಯೊಬ್ಬರ ಮನೆಗೂ ಒಬ್ಬ ನೌಕರನನ್ನು ಗೊತ್ತು ಮಾಡಬೇಕು. ಆ ಮನೆಯವರ ಭಾಷೆ ಬಲ್ಲ, ಕೊನೆಯವರೆಗೂ ಬದಲಾಗದ ಒಬ್ಬನೇ ಮನುಷ್ಯ ಇರಬೇಕು. ಆಸ್ಪತ್ರೆಗೆ, ಶವಾಗಾರಕ್ಕೆ, ಠಾಣೆಗೆ ಅವನೇ ಜೊತೆ ಹೋಗುತ್ತಾನೆ. ಡಿಎನ್‌ಎ ಪರೀಕ್ಷೆ ಬೇಕಾಗಬಹುದು ಎಂದಾದರೆ ಹೆತ್ತವರೋ ಮಕ್ಕಳೋ ಬರಬೇಕಾಗುತ್ತದೆ ಎಂದು ಹೇಳಿ ಪ್ರಯಾಣದ ಏರ್ಪಾಡನ್ನೂ ಅವನೇ ನೋಡುತ್ತಾನೆ. ಸಾವಿನ ಸುದ್ದಿಯನ್ನು ಪೊಲೀಸರ ಜೊತೆ ಹೋಗಿ ಎದುರಿಗೆ ಕುಳಿತು ಹೇಳಬೇಕು. ಮನೆ ದೂರದ ರಾಜ್ಯದಲ್ಲಿದ್ದರೆ ಅಲ್ಲಿನ ಠಾಣೆಯ ಮೂಲಕ ಯಾರಾದರೂ ಮನೆಗೇ ಹೋಗುವಂತೆ ಕೇಳಿಕೊಳ್ಳಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಬರುವ ಮೊದಲೇ ಇದು ಆಗಬೇಕಾದ್ದರಿಂದ ಪಟ್ಟಿಯ ಫೋಟೊ ತೆಗೆಯಲು ಯಾರಿಗೂ ಬಿಡಬಾರದು.

ವರದಿಗಾರರಿಗೆ ಮೊದಲು ಎದುರಾಗುವವನು ಸೆಕ್ಯುರಿಟಿ ಗಾರ್ಡ್. ಹಿಂದೆ ಹೊಗೆ ಏಳುತ್ತಿರುವಾಗ ‘ಏನೂ ಆಗಿಲ್ಲ, ಹೋಗಿ’ ಎಂದು ಅವನು ಅಂದರೆ ಅದೇ ಕಂಪನಿಯ ಮೊದಲ ಹೇಳಿಕೆಯಾಗುತ್ತದೆ. ‘ಬೆಂಕಿ ಬಿದ್ದಿದೆ, ನಮ್ಮ ಅಧಿಕಾರಿ ಇಷ್ಟು ಹೊತ್ತಿಗೆ ಬಂದು ಮಾತಾಡುತ್ತಾರೆ’ ಎಂಬ ಒಂದು ವಾಕ್ಯವನ್ನು ಅವನಿಗೆ ಕಲಿಸಿರಬೇಕು. ಒಂದು ಗಂಟೆಯೊಳಗೆ ಕೊಡುವ ಹೇಳಿಕೆ ಹೀಗಿದ್ದರೆ ಸಾಕು:

‘ಇಂದು ಮಧ್ಯಾಹ್ನ 1.50ಕ್ಕೆ ನಮ್ಮ ಕಾರ್ಖಾನೆಯ ಎರಡನೇ ಬ್ಲಾಕಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಗ್ನಿಶಾಮಕ ದಳ ನಂದಿಸುತ್ತಿದೆ. ಆಗ ಆವರಣದಲ್ಲಿ 109 ಮಂದಿ ಇದ್ದರು. ಹೆಸರು ಹಿಡಿದು ತಾಳೆ ನೋಡುತ್ತಿದ್ದೇವೆ. ಕೆಲವರು ಇನ್ನೂ ಪತ್ತೆಯಾಗಿಲ್ಲ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಮನೆಯವರಿಗಾಗಿ ಸಹಾಯ ಕೇಂದ್ರ ತೆರೆದಿದ್ದೇವೆ. ಕಾರಣ ನಮಗೆ ಇನ್ನೂ ಗೊತ್ತಿಲ್ಲ. ಮತ್ತೆ ನಾಲ್ಕು ಗಂಟೆಗೆ ಮಾಹಿತಿ ಕೊಡುತ್ತೇವೆ.’

ಇದರಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂಬ ಮಾತಿಲ್ಲ. ತನಿಖೆಗೆ ಮೊದಲು ಆ ಮಾತನ್ನು ಆಡಲು ಯಾರಿಗೂ ಹಕ್ಕಿಲ್ಲ. ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎಂದೂ ಇಲ್ಲ. ಅದನ್ನು ಹೇಳಬೇಕಾದವರು ಅಗ್ನಿಶಾಮಕ ಅಧಿಕಾರಿ. ನಾಲ್ಕು ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು ‘ಹೊಸದಿಲ್ಲ’ ಎಂದು ಹೇಳಲೇಬೇಕು.

ಅಧಿಕಾರಿಗಳ ಪೈಕಿ ಮೊದಲು ಬರುವ ಅಗ್ನಿಶಾಮಕ ದಳ ಕೇಳುವುದು ಎರಡನ್ನು: ಒಳಗೆ ಯಾರಿದ್ದಾರೆ, ಉರಿಯುತ್ತಿರುವುದು ಏನು? ಪಟ್ಟಿಯ ಜೊತೆಗೆ ಯಾವ ಬ್ಲಾಕಿನಲ್ಲಿ ಯಾವ ರಾಸಾಯನಿಕ ಎಷ್ಟಿದೆ, ಯಾವುದಕ್ಕೆ ನೀರು ಹಾಕಬಾರದು ಎಂಬ ನಕ್ಷೆ ಗೇಟಿನಲ್ಲೇ ಇರಬೇಕು. ಅದರ ಪ್ರತಿ ಆಸ್ಪತ್ರೆಗೂ ಹೋಗಬೇಕು, ಹೊಗೆ ಕುಡಿದವರಿಗೆ ಚಿಕಿತ್ಸೆ ಕೊಡುವವರಿಗೆ ಅದು ಬೇಕು.

ಕಾನೂನಿನ ಗಡುವುಗಳೂ ಇವೆ. ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವರು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ ಇಲಾಖೆಗೆ ತಿಳಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಕಲಂ ಹೇಳುತ್ತಿತ್ತು. 2025ರ ನವೆಂಬರಿನಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯ 10ನೇ ಕಲಂ ಅದನ್ನೇ ಮುಂದುವರಿಸಿದೆ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಡಿ ದೊಡ್ಡ ಅವಘಡವನ್ನು 48 ಗಂಟೆಯೊಳಗೆ ವರದಿ ಮಾಡಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಹಲವು ರಾಜ್ಯಗಳ ಕಾರ್ಖಾನೆ ನಿಯಮಗಳಲ್ಲಿ ಸಾವಿನ ಸುದ್ದಿಯನ್ನು ಕೂಡಲೇ ಮುಟ್ಟಿಸಬೇಕಾದವರ ಸಾಲಿನಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ಠಾಣೆಯ ಜೊತೆಗೆ ಮೃತರ ಸಂಬಂಧಿಕರೂ ಇದ್ದರು. ಮನೆಯವರಿಗೆ ಹೇಳುವುದು ದಯೆಯ ಮಾತಲ್ಲ, ಅಧಿಕಾರಿಗೆ ಹೇಳುವಷ್ಟೇ ಕಡ್ಡಾಯದ್ದು. ಇಲಾಖೆಗೆ, ಷೇರುಪೇಟೆಗೆ, ವರದಿಗಾರರಿಗೆ, ಮನೆಯವರಿಗೆ ಹೋಗುವ ಸಂಖ್ಯೆ ಅದೇ ಒಂದು ಪಟ್ಟಿಯಿಂದ, ಎಷ್ಟು ಗಂಟೆಯ ಲೆಕ್ಕ ಎಂಬ ನಮೂದಿನೊಂದಿಗೆ ಹೋಗಬೇಕು.

ಇದೆಲ್ಲ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಬೆಂಕಿಗಾಗಿ ಕಾಯಬೇಕಿಲ್ಲ. ಭಾನುವಾರ ರಾತ್ರಿ ಪಾಳಿಯ ಪಟ್ಟಿ ತೆಗೆದು ಹತ್ತು ಹೆಸರಿನ ಮನೆಯ ನಂಬರಿಗೆ ಮರುದಿನ ಕರೆ ಮಾಡಿ ನೋಡಿ. ಎಷ್ಟು ನಂಬರು ಅಸ್ತಿತ್ವದಲ್ಲಿಲ್ಲ, ಎಷ್ಟು ಗುತ್ತಿಗೆದಾರನ ಸ್ವಂತ ನಂಬರು ಎಂಬುದು ತಕ್ಷಣ ತಿಳಿಯುತ್ತದೆ. ವ್ಯವಸ್ಥಾಪಕರು ಊರಿನಲ್ಲಿಲ್ಲದ ರಾತ್ರಿ ಅಣಕು ಕಾರ್ಯಾಚರಣೆ ಮಾಡಿ, ಪಾಳಿಯ ಇನ್‌ಚಾರ್ಜ್ ಒಬ್ಬನೇ ಎಷ್ಟು ಹೊತ್ತಿಗೆ ಪೂರ್ತಿ ಪಟ್ಟಿ ಕೊಡುತ್ತಾನೆ ನೋಡಿ.

ನಿಮ್ಮ ಮನೆಯವರು ಯಾರಾದರೂ ಕಾರ್ಖಾನೆಗೆ ಹೋಗುವವರಿದ್ದರೆ ಇವತ್ತೇ ಕೇಳಿ: ಅಲ್ಲಿ ನಿಮ್ಮ ಹೆಸರಿನ ಮುಂದೆ ಯಾರ ನಂಬರ್ ಬರೆದಿದ್ದಾರೆ? ಅದು ಹಳೆಯದಾಗಿದ್ದರೆ ನಾಳೆಯ ಪಾಳಿಗೆ ಮೊದಲು ಬದಲಾಯಿಸಿಕೊಳ್ಳಲಿ.