ಜೆರಾಕ್ಸಿನ ಮೇಲೆ ಒಂದು ಅಡ್ಡಗೆರೆ

ಸುಗಟೂರು ಕಡೆಯಿಂದ ನರಸಾಪುರಕ್ಕೋ ವೇಮಗಲ್ಲಿಗೋ ಮಾಲೂರಿಗೋ ಫ್ಯಾಕ್ಟರಿ ಕೆಲಸ ಹುಡುಕಿ ಹೋದವರು ಮೊದಲು ಕೇಳುವ ಮಾತು ಒಂದೇ: "ಎರಡು ಸೆಟ್ ಜೆರಾಕ್ಸ್ ತಗೊಂಡ್ ಬಾ." ಸೆಟ್ ಎಂದರೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಾರ್ಕ್ಸ್ ಕಾರ್ಡು. ಪ್ರತಿ ಹಾಳೆಯ ಕೆಳಗೂ ಒಂದು ಸಹಿ. ಕಾಂಟ್ರಾಕ್ಟ್ ಕೆಲಸವಾದರೆ ಆ ಸೆಟ್ಟು ಊರಿಂದ ಹುಡುಗರನ್ನು ಕರೆದೊಯ್ಯುವವನ ಕೈಯಿಂದ ಏಜೆನ್ಸಿಯ ಆಫೀಸಿಗೆ, ಅಲ್ಲಿಂದ ಕಂಪನಿಗೆ, ಆಮೇಲೆ ಪಿಎಫ್ ಲೆಕ್ಕ ನೋಡುವವರ ಮೇಜಿಗೆ ಹೋಗುತ್ತದೆ. ಕೆಲಸ ಸಿಗದಿದ್ದರೂ ಸೆಟ್ಟು ವಾಪಸ್ ಬರುವುದಿಲ್ಲ. ಅದು ಎಲ್ಲಿ ಹೋಯಿತು ಎಂದು ಕೇಳುವ ರೂಢಿಯೂ ನಮ್ಮಲ್ಲಿಲ್ಲ.

ಆದರೆ ಇದೇ ಜನ ಸಂಬಳದ ಖಾತೆಗೆ ಚೆಕ್ ಕೊಡುವಾಗ ಅದರ ಮೇಲೆ ಎರಡು ಗೆರೆ ಎಳೆದು 'ಕ್ಯಾನ್ಸಲ್ಡ್' ಎಂದು ಬರೆದೇ ಕೊಡುತ್ತಾರೆ. ಯಾವ ಗುಮಾಸ್ತನೂ "ಚೆಕ್ ಯಾಕೆ ಗೀಚಿದೆ?" ಎಂದು ಬೈಯುವುದಿಲ್ಲ. ಆಧಾರ್ ಜೆರಾಕ್ಸಿಗೂ ಹೀಗೆಯೇ ಮಾಡಬೇಕು. ನಂಬರಿನ ಬಹುಪಾಲನ್ನು ಮರೆಮಾಡಿ, ಯಾರಿಗೆ, ಯಾತಕ್ಕೆ, ಯಾವತ್ತು ಕೊಟ್ಟದ್ದು ಎಂಬುದನ್ನು ಹಾಳೆಯ ಮೇಲೇ ಬರೆದು ಕೊಡಬೇಕು.

ಈ ಎಚ್ಚರಿಕೆ ಅಧಿಕೃತವಾಗಿ ಒಮ್ಮೆ ಬೆಂಗಳೂರಿನಿಂದಲೇ ಹೊರಟಿತ್ತು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು, ಕಂಡಕಂಡ ಸಂಸ್ಥೆಗಳಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ದೇಶವೆಲ್ಲ ಗಾಬರಿಯಾಯಿತು. ಎರಡೇ ದಿನಕ್ಕೆ, ಮೇ 29ರಂದು, ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂದು ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನೇ ಹಿಂತೆಗೆದುಕೊಂಡು, ಜನ ಸಾಮಾನ್ಯ ಎಚ್ಚರ ವಹಿಸಿದರೆ ಸಾಕು ಎಂದಿತು. ಪ್ರಕಟಣೆ ಹೋದರೂ ಮಾಸ್ಕ್ ಆಧಾರ್ ಹೋಗಲಿಲ್ಲ. ಅದು ಇವತ್ತಿಗೂ ಸಿಗುತ್ತದೆ, ಗುರುತಿನ ದಾಖಲೆಯಾಗಿ ಚಲಾವಣೆಯಲ್ಲೂ ಇದೆ.

ಬರೀ ನಂಬರಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಮುಂದಿನ ವರ್ಷವೇ ನಮ್ಮ ರಾಜ್ಯದಲ್ಲಿ ಉತ್ತರ ಸಿಕ್ಕಿತು. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಗತೊಡಗಿತು. ಒಟಿಪಿ ಬಂದಿಲ್ಲ, ಯಾರಿಗೂ ಪಿನ್ ಹೇಳಿಲ್ಲ. ಹಣ ಹೋದದ್ದು ಆಧಾರ್ ಆಧಾರಿತ ಪಾವತಿಯ ದಾರಿಯಲ್ಲಿ. ಹಳ್ಳಿಗಳಲ್ಲಿ ಬ್ಯಾಂಕ್ ಪ್ರತಿನಿಧಿ ಪುಟ್ಟ ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುತ್ತಾನಲ್ಲ, ಅದೇ ವ್ಯವಸ್ಥೆ. ಅದಕ್ಕೆ ಬೇಕಾದದ್ದು ಮೂರೇ: ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು. ಕ್ರಯಪತ್ರದಲ್ಲಿ ನಂಬರೂ ಇತ್ತು, ಬೆರಳಚ್ಚೂ ಇತ್ತು. ಕಾಗದದ ಮೇಲಿನ ಅಚ್ಚಿನಿಂದ ನಕಲಿ ಬೆರಳು ಮಾಡಿದರೆ ಉಳಿದದ್ದು ಬ್ಯಾಂಕಿನ ಹೆಸರನ್ನು ಊಹಿಸುವುದು ಮಾತ್ರ. ಪೊಲೀಸರು ಕೆಲವರನ್ನು ಬಂಧಿಸಿದರು. ನೋಂದಣಿ ಇಲಾಖೆ ಜಾಲತಾಣದ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚಲು ಮುಂದಾಯಿತು.

ಇದರಲ್ಲಿ ನಮ್ಮ ಹಳ್ಳಿಗಳಿಗೆ ನೇರವಾಗಿ ತಟ್ಟುವ ವಿಷಯವೊಂದಿದೆ. ಸಹಿ ಬಾರದ ಹಿರಿಯರಿಂದ ಆಧಾರ್ ಜೆರಾಕ್ಸಿನ ಮೇಲೆಯೇ ಹೆಬ್ಬೆಟ್ಟು ಒತ್ತಿಸುವ ಅಭ್ಯಾಸ ಹಲವು ಕಡೆ ಇದೆ. ಹನ್ನೆರಡೂ ಅಂಕಿ ಕಾಣುವ ಹಾಳೆ, ಅದರ ಕೆಳಗೇ ಮಸಿ ತುಂಬಿದ ಹೆಬ್ಬೆರಳು! ಜೊತೆಯಲ್ಲಿ ಪಿನ್ ಮಾಡಿದ ಪಾಸ್‌ಬುಕ್ಕಿನ ಪುಟ ಬ್ಯಾಂಕಿನ ಹೆಸರನ್ನೂ ಹೇಳಿಬಿಡುತ್ತದೆ. ಅಜ್ಜಿ, ತಾತಂದಿರ ಕೈಲಿ ಹೆಬ್ಬೆಟ್ಟು ಒತ್ತಿಸಲೇಬೇಕಾದರೆ ನಂಬರು ಮುಚ್ಚಿದ ಪ್ರತಿಯ ಮೇಲೆ ಒತ್ತಿಸಿ, ಇಲ್ಲವೇ ಅರ್ಜಿಯ ಹಾಳೆಯ ಮೇಲಷ್ಟೇ ಒತ್ತಿಸಿ.

ಈಗ ಮುಚ್ಚುವ ಕೆಲಸಕ್ಕೆ ಬರೋಣ. ಆಧಾರಿಗೆ ಮೊಬೈಲ್ ಜೋಡಣೆಯಾಗಿದ್ದರೆ ಸುಲಭ. myaadhaar.uidai.gov.in ತೆರೆದು, ಒಟಿಪಿ ಕೊಟ್ಟು, ಇಳಿಸಿಕೊಳ್ಳುವ ಮುಂಚೆ ಮಾಸ್ಕ್ ಆಧಾರ್ ಬೇಕೇ ಎಂದು ಕೇಳುವ ಪುಟ್ಟ ಚೌಕಕ್ಕೆ ಟಿಕ್ ಹಾಕಿದರೆ ಮೊದಲ ಎಂಟು ಅಂಕಿ ಮುಚ್ಚಿದ ಕಡತ ಬರುತ್ತದೆ. ಅದನ್ನು ತೆರೆಯುವ ಪಾಸ್‌ವರ್ಡ್ ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಪಕ್ಕಕ್ಕೆ ಹುಟ್ಟಿದ ಇಸವಿ.

ಮೊಬೈಲ್ ಜೋಡಣೆ ಇಲ್ಲದವರು ಕೈಯಲ್ಲೇ ಮುಚ್ಚಬೇಕು. ಇಲ್ಲಿ ಹೆಚ್ಚಿನವರು ಜೆರಾಕ್ಸ್ ಮಾಡಿಸಿ ಅಂಕಿಗಳ ಮೇಲೆ ಸ್ಕೆಚ್ ಪೆನ್ ಎಳೆದು ಕೊಟ್ಟುಬಿಡುತ್ತಾರೆ. ಆ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜೆರಾಕ್ಸಿನ ಕರಿಪುಡಿ ಕಾಗದದ ಮೇಲೆ ತುಸು ಉಬ್ಬಿ ಕೂತಿರುತ್ತದೆ, ಪೆನ್ನಿನ ಮಸಿ ಕಾಗದದೊಳಕ್ಕೆ ಇಳಿದಿರುತ್ತದೆ. ಹಾಗಾಗಿ ಅಂಕಿಗಳು ಮಿಣಮಿಣ ಎಂದು ಓದಿಸಿಕೊಳ್ಳುತ್ತವೆ. ಬದಲಿಗೆ ಮೂಲ ಕಾರ್ಡಿನ ಎಂಟು ಅಂಕಿಗಳ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿಸಿ. ಆಗ ಹಾಳೆಗೆ ಅಂಕಿ ಬೀಳುವುದೇ ಇಲ್ಲ. ಪೆನ್ನಿನಲ್ಲಿ ಮುಚ್ಚಿದ್ದರೆ ಆ ಹಾಳೆಯನ್ನೇ ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ ಎರಡನೆಯದನ್ನು ಕೊಡಿ, ಮೊದಲನೆಯದನ್ನು ಹರಿದು ಹಾಕಿ. ಅಂಚೆಯಲ್ಲಿ ಬಂದ ಉದ್ದನೆಯ ಆಧಾರ್ ಪತ್ರದಲ್ಲಿ ನಂಬರು ಒಂದೇ ಕಡೆ ಇರುವುದಿಲ್ಲ ಎಂಬುದೂ ನೆನಪಿರಲಿ. ಮೇಲ್ಭಾಗದಲ್ಲಿ ಒಮ್ಮೆ, ಕೆಳಗೆ ಕತ್ತರಿಸುವ ಕಾರ್ಡಿನ ಮುಂದೆ, ಹಿಂದೆ ಮತ್ತೆ ಇರುತ್ತದೆ.

ಎಲ್ಲ ಮುಚ್ಚಿದ ಮೇಲೂ ನಂಬರು ಸೋರುವ ಇನ್ನೊಂದು ಕಿಂಡಿ ಕ್ಯೂಆರ್ ಚೌಕ. ಆರಂಭದ ವರ್ಷಗಳಲ್ಲಿ ಮುದ್ರಿಸಿದ ಆಧಾರ್ ಪತ್ರಗಳ ಕ್ಯೂಆರ್ ಒಳಗೆ ಹನ್ನೆರಡೂ ಅಂಕಿ, ಹೆಸರು, ವಿಳಾಸ ತೆರೆದಿಟ್ಟಂತೆ ಇವೆ. 2018ರಿಂದೀಚೆಗೆ ಬಂದ ಸುರಕ್ಷಿತ ಕ್ಯೂಆರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇರುತ್ತವೆ. ನಿಮ್ಮದು ಯಾವುದೆಂದು ತಿಳಿಯಲು ಫೋನಿನ ಸಾಮಾನ್ಯ ಸ್ಕ್ಯಾನರ್ ಹಿಡಿದರೆ ಸಾಕು. ಹೆಸರು, ನಂಬರು ಓದಲು ಬಂದರೆ ಹಳೆಯದು, ಆ ಚೌಕವನ್ನೂ ಮುಚ್ಚಿ. ಬರೀ ಉದ್ದಾನುದ್ದ ಅಂಕಿಗಳ ಸಾಲು ಬಂದರೆ ಹೊಸದು. ಹೊಸದನ್ನು ಮುಚ್ಚಬೇಡಿ, ದಾಖಲೆ ಅಸಲಿಯೋ ಎಂದು ಪರೀಕ್ಷಿಸುವವರಿಗೆ ಅದೇ ಆಧಾರ.

ಇನ್ನು ಬರಹ. ಸುಗಟೂರಿನ ಹುಡುಗಿಯೊಬ್ಬಳು ಏಜೆನ್ಸಿ ಮೂಲಕ ನರಸಾಪುರದ ಫ್ಯಾಕ್ಟರಿಗೆ ಅರ್ಜಿ ಹಾಕುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಆಧಾರ್ ಪ್ರತಿಯ ಮೇಲೆ ಇರಬೇಕಾದ ಸಾಲು ಇಷ್ಟು: "ಇಂಥ ಏಜೆನ್ಸಿಗೆ, ನರಸಾಪುರದ ಇಂಥ ಕಂಪನಿಯ ಕೆಲಸದ ಅರ್ಜಿಗೆ ಮಾತ್ರ", ಕೆಳಗೆ ದಿನಾಂಕ, ಸಹಿ. 'ಇಂಥ' ಇರುವ ಕಡೆ ಪೂರ್ತಿ ಹೆಸರು. "ಆಫೀಸ್ ಕೆಲಸಕ್ಕೆ" ಎಂದು ಬರೆದರೆ ಬರೆಯದಿದ್ದಂತೆಯೇ, ಯಾವ ಆಫೀಸಿಗೂ ಅದು ಹೊಂದುತ್ತದೆ. ನೀಲಿ ಬಾಲ್ ಪೆನ್ನಿನಲ್ಲಿ ಬರೆದರೆ ಕೈಬರಹ ಯಾವುದು, ಜೆರಾಕ್ಸ್ ಯಾವುದು ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಎಲ್ಲಿ ಬರೆಯುತ್ತೀರಿ ಎಂಬುದರಲ್ಲಿ ಅರ್ಧ ಕೆಲಸ ಅಡಗಿದೆ. ಹಾಳೆಯ ಅಂಚಿನ ಖಾಲಿ ಜಾಗದಲ್ಲಿ ಬರೆದರೆ ಅದರ ಮೇಲೆ ಬಿಳಿ ಕಾಗದ ಇಟ್ಟು ಇನ್ನೊಂದು ಪ್ರತಿ ತೆಗೆಯಲು ಅರ್ಧ ನಿಮಿಷ ಸಾಕು. ಆ ಸಾಲು ಕಾರ್ಡಿನ ಚಿತ್ರದ ಮೇಲೇ ಓರೆಯಾಗಿ ಹಾಯಬೇಕು. ಫೋಟೊದ ಅಂಚನ್ನು, ಹೆಸರಿನ ಒಂದೆರಡು ಅಕ್ಷರಗಳನ್ನು ಮುಟ್ಟಿಕೊಂಡು ಹೋಗಬೇಕು. ಆದರೆ ಮುಖ, ಹೆಸರು, ಹುಟ್ಟಿದ ದಿನ, ಕೊನೆಯ ನಾಲ್ಕು ಅಂಕಿ ಓದಲು ಬರುವಂತಿರಬೇಕು. ಹೀಗೆ ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡ ಬರಹವನ್ನು ಅಳಿಸುವುದು ಕಷ್ಟ. ಅಸಾಧ್ಯ ಎಂದು ನಾನು ಹೇಳುವುದಿಲ್ಲ, ಕಂಪ್ಯೂಟರಿನಲ್ಲಿ ಕೂತು ತಿದ್ದುವವನು ತಿದ್ದಿಯಾನು. ಆದರೆ ನೂರು ಸೆಟ್ಟುಗಳ ಕಟ್ಟಿನಲ್ಲಿ ಖಾಲಿ ಸಹಿ ಹಾಕಿದ ಹಾಳೆಗಳೇ ಬೇಕಾದಷ್ಟಿರುವಾಗ ಅವನು ಗೀಚಿದ್ದನ್ನು ಆರಿಸುವುದಿಲ್ಲ. ಬರೀ 'ಸ್ವಯಂ ದೃಢೀಕರಣ'ದ ಸಹಿ ಇರುವ ಪ್ರತಿ ನಿಮ್ಮನ್ನು ಕಾಪಾಡುವುದಕ್ಕಿಂತ ಅದನ್ನು ಕದ್ದವನಿಗೇ ಹೆಚ್ಚು ಅನುಕೂಲ, ನನ್ನನ್ನು ಕೇಳಿದರೆ.

ಪ್ಯಾನ್ ಕಾರ್ಡಿನ ಕಥೆ ಬೇರೆ. ತೆರಿಗೆ ಕಡಿತಕ್ಕೆ ಪೂರ್ತಿ ನಂಬರು ಬೇಕೇ ಬೇಕು, ಮುಚ್ಚುವಂತಿಲ್ಲ. ಅದರ ಮೇಲೆ ನಿಮ್ಮ ಸಹಿಯ ಮಾದರಿಯೂ ಅಚ್ಚಾಗಿರುತ್ತದೆ. ಹಾಗಾಗಿ ಬರಹದ ಸಾಲು ಆ ಅಚ್ಚಾದ ಸಹಿಯ ಮೇಲೆ ಹಾಯಲಿ. ನಿಮ್ಮ ಪ್ಯಾನಿನಲ್ಲಿ ಯಾರೋ ವ್ಯಾಪಾರ ನೋಂದಣಿ ಮಾಡಿಸಿದ್ದಾರೆಯೇ ಎಂದು gst.gov.in ತಾಣದಲ್ಲಿ ಪ್ಯಾನ್ ನಂಬರು ಹಾಕಿ ಹುಡುಕಬಹುದು, ಲಾಗಿನ್ ಬೇಕಿಲ್ಲ. ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ನೋಡಲು ಸಿಬಿಲ್‌ನಂಥ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು.

"ಗೀಚಿದ ಕಾಪಿ ನಡೆಯಲ್ಲ" ಎನ್ನುವ ಗುಮಾಸ್ತರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಲ್ಲಾದರೆ ನಿಮ್ಮ ಕೈಯಲ್ಲಿ ಗಟ್ಟಿ ಉತ್ತರವಿದೆ. ಆಧಾರ್ ದೃಢೀಕರಣ ಅಗತ್ಯವಿಲ್ಲದ ಕಡೆ ಗ್ರಾಹಕರು ಕೊಡುವ ಪ್ರತಿಯಲ್ಲಿ ನಂಬರನ್ನು ಮುಚ್ಚಿಸುವುದು ಬ್ಯಾಂಕಿನದೇ ಹೊಣೆ ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನವೇ ಹೇಳುತ್ತದೆ. ಉಳಿದ ಕಡೆ ಜಗಳ ಬೇಡ. ಮೂಲ ಕಾರ್ಡನ್ನು ತೋರಿಸಿ, ಹೋಲಿಸಿ ನೋಡಲಿ, ಮುಚ್ಚಿದ ಪ್ರತಿಯನ್ನು ಇಟ್ಟುಕೊಳ್ಳಲಿ.

ಪೂರ್ತಿ ನಂಬರು ಕೊಡಲೇಬೇಕಾದ ಜಾಗಗಳೂ ಇವೆ. ಪಿಎಫ್ ಖಾತೆಗೆ ಆಧಾರ್ ಜೋಡಿಸಬೇಕು. ರೇಷನ್, ಪಿಂಚಣಿಯಂಥ ಸರ್ಕಾರಿ ಸವಲತ್ತಿಗೂ ಕೊಡಬೇಕು. ಅಲ್ಲಿ ನಂಬರು ಕಂಪ್ಯೂಟರಿನ ಅರ್ಜಿಯೊಳಗೆ ಹೋಗಲಿ. ಜೊತೆಗಿಡುವ ಜೆರಾಕ್ಸಿಗೂ ಪೂರ್ತಿ ನಂಬರೇ ಬೇಕೆಂದರೆ ಉದ್ದೇಶ, ದಿನಾಂಕದ ಸಾಲನ್ನಾದರೂ ಬಿಡಬೇಡಿ. ಇಷ್ಟೆಲ್ಲ ಮಾಡಿ, ಮೂಲ ಕಾರ್ಡಿನ ಫೋಟೊವನ್ನು ಪ್ರಿಂಟ್ ತೆಗೆಸಲು ಅಂಗಡಿಯವನ ವಾಟ್ಸ್‌ಆ್ಯಪಿಗೆ ಕಳಿಸಿದರೆ ಮುಚ್ಚಿದ್ದೆಲ್ಲ ವ್ಯರ್ಥ. ಅದು ಅವನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಎದುರಿಗೇ ನಿಂತು ಅಳಿಸಲು ಹೇಳಿ, ಮಸಿ ಹತ್ತಿ ಕೆಟ್ಟುಹೋದ ಪ್ರತಿಗಳನ್ನೂ ಕೇಳಿ ತಗೊಳ್ಳಿ.

ಈಗಾಗಲೇ ಹತ್ತಾರು ಕಡೆ ತೆರೆದ ಜೆರಾಕ್ಸ್ ಕೊಟ್ಟಾಗಿದೆಯೇ? sancharsaathi.gov.in ತಾಣದಲ್ಲಿ ನಿಮ್ಮ ಹೆಸರಿನಲ್ಲಿರುವ ಸಿಮ್‌ಗಳ ಪಟ್ಟಿ ನೋಡಿ, ನಿಮ್ಮದಲ್ಲದ ನಂಬರಿದ್ದರೆ ಅಲ್ಲೇ ದೂರು ಕೊಡಿ. ಆಮೇಲೆ ಆಧಾರ್ ತಾಣದಲ್ಲಿ ಬೆರಳಚ್ಚನ್ನು ಲಾಕ್ ಮಾಡಿ. ಲಾಕ್ ಆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಮಿಷನ್ನೂ ಒಪ್ಪುವುದಿಲ್ಲ, ಬೇಕಾದಾಗ ಸ್ವಲ್ಪ ಹೊತ್ತು ಲಾಕ್ ತೆಗೆಯಬೇಕು. ಅದಕ್ಕೇ ರೇಷನ್ ತರಲು ಹೋಗುವವರೊಬ್ಬರನ್ನು ಬಿಟ್ಟು ಮನೆಯ ಉಳಿದವರದ್ದು ಲಾಕ್ ಆಗಿರಲಿ. ದುಡ್ಡು ಹೋದದ್ದು ಗೊತ್ತಾದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಆಧಾರ್ ಬಗ್ಗೆ ಕೇಳುವುದಿದ್ದರೆ 1947 ಇದೆ, ಕನ್ನಡದಲ್ಲೇ ಮಾತಾಡಬಹುದು.